ಜೇನು, ಶುಂಠಿ, ಹಬೆ: ಮಗುವಿನ ರಾತ್ರಿ ಕೆಮ್ಮಿಗೆ ಯಾವುದು ಸರಿ?

"ಡಾಕ್ಟರೇ, ನಾವು ಡೊಂಬಿವಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಮನೆಯಲ್ಲಿದ್ದೇವೆ. ನಾಲ್ಕೂವರೆ ವರ್ಷದ ಮಗನಿಗೆ ಆರು ದಿನದಿಂದ ನೆಗಡಿ, ಕೆಮ್ಮು, ಗಂಟಲು ಕೆರೆತ. ಜ್ವರ ಎರಡೇ ದಿನಕ್ಕೆ ಇಳಿಯಿತು. ಹಗಲು ಆಡಿಕೊಂಡಿರುತ್ತಾನೆ, ರಾತ್ರಿ ಮಲಗಿದ ಕೂಡಲೇ ಕೆಮ್ಮು ಶುರು. ಊರಿನಿಂದ ಬಂದಿರುವ ಅತ್ತೆ ಅವನಿಗೆ ಜೇನಿನಲ್ಲಿ ಶುಂಠಿ ರಸ ಕಲಸಿ ಕೊಡುತ್ತಾರೆ. ನೆಲದ ಮೇಲೆ ಕುದಿಯುವ ನೀರಿನ ಪಾತ್ರೆ ಇಟ್ಟು, ಕಂಬಳಿ ಹೊದಿಸಿ ಹಬೆಯನ್ನೂ ಕೊಡುತ್ತಾರೆ. ಎಂಟು ತಿಂಗಳ ಮಗಳಿಗೂ ಮೂಗು ಕಟ್ಟಿದೆ. ಅವಳಿಗೂ ಒಂಚೂರು ಜೇನು ನೆಕ್ಕಿಸೋಣ ಅಂತಾರೆ. ನಮ್ಮ ಮನೆಯವರು ಕೆಮ್ಮಿನ ಸಿರಪ್ ತರೋಣ ಅಂತಾರೆ, ಪೇಪರಿನಲ್ಲಿ ಓದಿದ ಮೇಲೆ ನನಗೆ ಭಯ. ಅತ್ತೆಗೂ ಒಂದು ತಿಂಗಳಿಂದ ಒಣಕೆಮ್ಮು, ಯಾವ ಕಷಾಯಕ್ಕೂ ಬಗ್ಗಿಲ್ಲ. ಅವರಿಗೆ ಶುಗರ್, ಬಿಪಿ ಎರಡೂ ಇವೆ. ಇವುಗಳಲ್ಲಿ ನಿಜವಾಗಿ ಕೆಲಸ ಮಾಡೋದು ಯಾವುದು?"

ಮೊದಲು ಮಗಳ ವಿಷಯ ಮುಗಿಸಿಬಿಡೋಣ. ಅವಳಿಗೆ ಜೇನು ಬೇಡ. ನಾಲಿಗೆಗೆ ಸವರುವಷ್ಟೂ ಬೇಡ. ಒಂದು ವರ್ಷ ತುಂಬುವ ತನಕ ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಕಾರಣ ಇದು. ಮಣ್ಣಿನಲ್ಲಿ, ಧೂಳಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಕೆಲವೊಮ್ಮೆ ಅವು ಜೇನಿನೊಳಗೂ ಸೇರುತ್ತವೆ. ನಿಮ್ಮ ಕರುಳಿಗೆ, ನನ್ನ ಕರುಳಿಗೆ ಅವು ಹೋದರೆ ಏನೂ ಆಗುವುದಿಲ್ಲ. ಅಲ್ಲಿ ಬೇರೆ ಬ್ಯಾಕ್ಟೀರಿಯಾಗಳು ತುಂಬಿರುವುದರಿಂದ ಇವಕ್ಕೆ ಮೊಳೆಯಲು ಜಾಗ ಸಿಗುವುದಿಲ್ಲ. ಎಳೆ ಮಗುವಿನ ಕರುಳಿನಲ್ಲಿ ಆ ಕಾವಲು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಅಲ್ಲಿ ಬೀಜಕಣ ಮೊಳೆತು, ನರಗಳನ್ನು ಸುಮ್ಮನಾಗಿಸುವ ವಿಷ ತಯಾರಿಸಬಹುದು. ಮೊದಲು ಮಲಬದ್ಧತೆ ಬರುತ್ತದೆ. ಆಮೇಲೆ ಮಗು ಹಾಲು ಎಳೆಯುವುದು ಸೋಲುತ್ತದೆ, ಅಳು ಕ್ಷೀಣವಾಗುತ್ತದೆ, ರೆಪ್ಪೆ ಜೋಲುತ್ತದೆ, ಕುತ್ತಿಗೆ ನಿಲ್ಲುವುದಿಲ್ಲ. ಹೆಚ್ಚಾದರೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಇದು ಅಪರೂಪದ ಕಾಯಿಲೆ, ನಿಜ. ಆದರೆ ಬಂದರೆ ಮಗು ವಾರಗಟ್ಟಲೆ ಐಸಿಯುನಲ್ಲಿ ಇರಬೇಕಾಗಬಹುದು. ಇದನ್ನು ಮೊದಲು ಗುರುತಿಸಿದ್ದೇ 1976ರಲ್ಲಿ. ಹಾಗಾಗಿ ಹಿಂದಿನವರಿಗೆ ಇದು ಗೊತ್ತಿರಲಿಲ್ಲ ಅಂದರೆ ಅದರಲ್ಲಿ ಅವರ ತಪ್ಪೇನಿಲ್ಲ.

"ನಾವು ಬಿಸಿ ಮಾಡಿ ಕೊಡ್ತೀವಿ" ಅನ್ನುವವರಿದ್ದಾರೆ. ಮನೆಯ ಒಲೆಯ ಬಿಸಿಗೆ ಈ ಬೀಜಕಣ ಸಾಯುವುದಿಲ್ಲ. "ನಮ್ಮದು ಶುದ್ಧ ಕಾಡುಜೇನು" ಅನ್ನುವವರೂ ಇದ್ದಾರೆ. ಶುದ್ಧ ಜೇನಿನಲ್ಲೂ ಬೀಜಕಣ ಇರಬಹುದು. ಈ ಕಡೆ ಬಾಳಗುಟಿ ಅಂತ ಬೇರುಗಳನ್ನು ಸಾಣೆಕಲ್ಲಿನ ಮೇಲೆ ತೇದು ಕೊಡುತ್ತಾರೆ. ನಮ್ಮ ಕಡೆ ಬಜೆ ತೇದು ಕೊಡುತ್ತೇವೆ. ಎರಡರಲ್ಲೂ ಕಹಿ ತಿಳಿಯದಿರಲಿ ಅಂತ ಜೇನು ಸೇರಿಸುವವರಿದ್ದಾರೆ. ಅದೂ ಬೇಡ. ಅತ್ತೆಯವರಿಗೆ "ಡಾಕ್ಟರು ಬೈದರು" ಅನ್ನಬೇಡಿ. "ವರ್ಷ ತುಂಬಿದ ಮೇಲೆ ನೀವೇ ನೆಕ್ಕಿಸಿ" ಅನ್ನಿ. ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ.

ಮಗಳ ಕಟ್ಟಿದ ಮೂಗಿಗೆ ಬೇಕಾದದ್ದು ಉಪ್ಪುನೀರಿನ ಹನಿ. ಮೆಡಿಕಲ್ ಶಾಪಿನಲ್ಲಿ ಮಕ್ಕಳ ಸಲೈನ್ ನೇಸಲ್ ಡ್ರಾಪ್ಸ್ ಕೇಳಿ. ಹಾಲು ಕೊಡುವ ಐದು ಹತ್ತು ನಿಮಿಷ ಮೊದಲು ಪ್ರತಿ ಹೊಳ್ಳೆಗೆ ಒಂದೆರಡು ಹನಿ ಹಾಕಿ, ಹೊರಬಂದ ಸಿಂಬಳವನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ತೆಗೆದುಕೊಳ್ಳುವಾಗ ಲೇಬಲ್ ನೋಡಿ, ಅದರಲ್ಲಿ ಸೋಡಿಯಂ ಕ್ಲೋರೈಡ್ ಮಾತ್ರ ಇರಬೇಕು. ಮೂಗು ಬಿಡಿಸುವ ಔಷಧಿ ಬೆರೆತ ಹನಿಗಳು ಪಕ್ಕದ ಶೆಲ್ಫಿನಲ್ಲೇ ಇರುತ್ತವೆ. ಅವು ಈ ವಯಸ್ಸಿಗೆ ಅಲ್ಲ.

ಈಗ ಮಗ. ಅವನ ಕೆಮ್ಮು ರಾತ್ರಿಯೇ ಯಾಕೆ ಜೋರು? ವೈರಸ್ ತಗುಲಿದಾಗ ಮೂಗು ಮತ್ತು ಗಂಟಲಿನ ಒಳಪೊರೆ ಊದಿಕೊಳ್ಳುತ್ತದೆ, ಅಲ್ಲಿನ ಕೆಮ್ಮಿನ ನರಗಳು ಕೆರಳಿರುತ್ತವೆ. ಹಗಲು ಅವನು ಓಡಾಡುತ್ತಾನೆ, ಸಿಂಬಳ ಮುಂದಕ್ಕೆ ಬರುತ್ತದೆ ಅಥವಾ ಗೊತ್ತಿಲ್ಲದಂತೆ ನುಂಗುತ್ತಾನೆ. ಮಲಗಿದಾಗ ಅದು ಗಂಟಲಿನ ಹಿಂಭಾಗಕ್ಕೆ ಜಾರುತ್ತದೆ. ಕೆರಳಿದ ಜಾಗಕ್ಕೆ ಅದು ತಾಗಿದರೆ ಕೆಮ್ಮು. "ಎದೆಯಲ್ಲಿ ಕಫ ಕಟ್ಟಿದೆ" ಅಂತ ನನ್ನಲ್ಲಿಗೆ ಬರುವ ಬಹಳಷ್ಟು ಮಕ್ಕಳ ಎದೆ ಸ್ಟೆತಾಸ್ಕೋಪಿನಲ್ಲಿ ಪೂರ್ತಿ ಶುಭ್ರವಾಗಿ ಕೇಳಿಸುತ್ತದೆ. ಗೊರಗೊರ ಸದ್ದು ಬರುತ್ತಿರುವುದು ಮೂಗು, ಗಂಟಲಿನಿಂದ. ಎದೆಯ ಮೇಲೆ ಕೈ ಇಟ್ಟಾಗ ಅದು ಅಲ್ಲೇ ಗೊರಗುಟ್ಟಿದಂತೆ ಅನಿಸುತ್ತದೆ, ಅಷ್ಟೇ.

ಇನ್ನೊಂದು ವಿಷಯ ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಮಕ್ಕಳ ನೆಗಡಿ ಕೆಮ್ಮು ಎಷ್ಟು ದಿನ ಇರುತ್ತದೆ ಅಂತ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ಹತ್ತರಲ್ಲಿ ಒಂಬತ್ತು ಮಕ್ಕಳ ಕೆಮ್ಮು ನಿಂತಿದ್ದು 25 ದಿನ ಕಳೆಯುವ ಹೊತ್ತಿಗೆ. ನಾವು ಅಪ್ಪ ಅಮ್ಮಂದಿರು ಐದನೇ ದಿನಕ್ಕೆ ತಾಳ್ಮೆ ಕಳೆದುಕೊಳ್ಳುತ್ತೇವೆ. ಆರನೇ ದಿನ ಏನು ಕೊಟ್ಟರೂ, ಅದರ ನಂತರ ತಾನಾಗಿಯೇ ಕಡಿಮೆಯಾಗುತ್ತಾ ಹೋಗುವ ಕೆಮ್ಮಿನ ಪುಣ್ಯವೆಲ್ಲ ಅದಕ್ಕೇ ಸಲ್ಲುತ್ತದೆ. ಕಷಾಯಕ್ಕೂ ಹಾಗೆಯೇ, ನಾವು ಬರೆದುಕೊಡುವ ಔಷಧಿಗೂ ಹಾಗೆಯೇ. ಒಂದು ಮದ್ದು ಕೆಲಸ ಮಾಡುತ್ತದೋ ಇಲ್ಲವೋ ಅಂತ ತಿಳಿಯಬೇಕಾದರೆ, ಅದನ್ನು ಕೊಟ್ಟ ಮಕ್ಕಳನ್ನೂ ಕೊಡದ ಮಕ್ಕಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಜೇನಿನ ವಿಷಯದಲ್ಲಿ ಹಾಗೆ ನೋಡಿದ್ದಾರೆ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ನಿಮ್ಮ ಮಗನ ಹಾಗೆಯೇ ರಾತ್ರಿ ಕೆಮ್ಮುತ್ತಿದ್ದ 105 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಲಗುವ ಮುಂಚೆ ಒಮ್ಮೆ ಜೇನು. ಇನ್ನೊಂದಕ್ಕೆ ಜೇನಿನ ರುಚಿ ಬೆರೆಸಿದ ಡೆಕ್ಸ್‌ಟ್ರೋಮೆಥಾರ್ಫಾನ್, ಅಂದರೆ ಅಂಗಡಿಯಲ್ಲಿ ಸಿಗುವ ಕೆಮ್ಮಿನ ಸಿರಪ್‌ಗಳಲ್ಲಿ ಇರುವ ಔಷಧಿ. ಮೂರನೆಯದಕ್ಕೆ ಏನೂ ಇಲ್ಲ. ಮರುದಿನ ತಾಯಂದಿರು ಹೇಳಿದ್ದರಲ್ಲಿ ಮೂರೂ ಗುಂಪಿನ ಮಕ್ಕಳು ಹಿಂದಿನ ರಾತ್ರಿಗಿಂತ ಸುಧಾರಿಸಿದ್ದರು. ಏನೂ ಕೊಡದವರೂ ಸೇರಿ! ಆದರೆ ಜೇನು ಪಡೆದವರು ಏನೂ ಪಡೆಯದವರಿಗಿಂತ ಸ್ಪಷ್ಟವಾಗಿ ಹೆಚ್ಚು ಸುಧಾರಿಸಿದ್ದರು. ಸಿರಪ್ಪು ಏನೂ ಕೊಡದ್ದಕ್ಕಿಂತ ಮೇಲು ಅಂತ ತೋರಲಿಲ್ಲ.

2012ರಲ್ಲಿ ಇಸ್ರೇಲಿನಲ್ಲಿ ಇನ್ನೂ ಬಿಗಿಯಾದ ಪರೀಕ್ಷೆ ಆಯಿತು. ಒಂದರಿಂದ ಐದು ವರ್ಷದ 300 ಮಕ್ಕಳು. ಮೂರು ಗುಂಪಿಗೆ ಮೂರು ಬಗೆಯ ಹೂವಿನ ಜೇನು, ನಾಲ್ಕನೆಯದಕ್ಕೆ ನೋಡಲು, ತಿನ್ನಲು ಜೇನಿನಂತೆಯೇ ಇರುವ ಖರ್ಜೂರದ ಪಾಕ. ಮಲಗುವ ಅರ್ಧ ಗಂಟೆ ಮೊದಲು 10 ಗ್ರಾಂ. ಇಲ್ಲೂ ಎಲ್ಲರೂ ಸುಧಾರಿಸಿದರು, ಜೇನಿನವರು ಸ್ವಲ್ಪ ಹೆಚ್ಚು. ಈ ಖರ್ಜೂರದ ಪಾಕದ ಕತೆ ನನಗೆ ಬಹಳ ಇಷ್ಟ. ಜೇನಿನ ಉಪಕಾರದಲ್ಲಿ ಒಂದು ಪಾಲು ಬರೀ ಮಂದವಾದ ಸಿಹಿಯಿಂದಲೇ ಬರುತ್ತಿರಬಹುದು ಅಂತ ಅದು ಅನಿಸುವಂತೆ ಮಾಡುತ್ತದೆ. ಮಂದ ಪಾಕ ಗಂಟಲಿನ ಕೆರಳಿದ ಪೊರೆಯ ಮೇಲೆ ಸವರಿಕೊಳ್ಳುತ್ತದೆ, ಬಾಯಲ್ಲಿ ಜೊಲ್ಲು ಹೆಚ್ಚಿಸುತ್ತದೆ, ಮಗು ಪದೇ ಪದೇ ನುಂಗುತ್ತದೆ. ಜೇನು ಅದರ ಮೇಲೆ ಇನ್ನೊಂದಿಷ್ಟು ಸೇರಿಸುತ್ತದೆ.

ಇಂಥ ಪರೀಕ್ಷೆಗಳನ್ನೆಲ್ಲ ಸೇರಿಸಿ 2018ರಲ್ಲಿ ಕಾಕ್ರೇನ್ ಸಂಸ್ಥೆ ಮಾಡಿದ ಪರಿಶೀಲನೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಜೇನು ಕೆಮ್ಮನ್ನು ಏನೂ ಕೊಡದ್ದಕ್ಕಿಂತ ಹೆಚ್ಚು ತಗ್ಗಿಸುತ್ತದೆ, ಮೂರು ದಿನದ ಮಟ್ಟಿಗೆ. ಅದರಾಚೆ ಉಪಯೋಗ ಇದೆ ಅನ್ನಲು ಪುರಾವೆ ಇಲ್ಲ. ಅಂದರೆ ಜೇನು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ವೈರಸ್ಸನ್ನು ಓಡಿಸುವುದಿಲ್ಲ. ಒಂದೆರಡು ಕೆಟ್ಟ ರಾತ್ರಿಗಳನ್ನು ಸ್ವಲ್ಪ ಹಗುರ ಮಾಡುತ್ತದೆ. ಆರನೇ ರಾತ್ರಿ ನಿದ್ದೆಗೆಟ್ಟ ತಾಯಿಗೆ ಅದೇನು ಕಡಿಮೆಯೇ?

ಕೊಡುವ ಕ್ರಮ ಹೀಗೆ. ಮಲಗುವ ಅರ್ಧ ಗಂಟೆ ಮೊದಲು ಅರ್ಧ ಟೀ ಚಮಚದಿಂದ ಒಂದು ಟೀ ಚಮಚ ಜೇನು, ಹಾಗೆಯೇ ನೆಕ್ಕಲು ಕೊಡಿ. ಗಂಟಲಿಗೆ ಸವರಿಕೊಳ್ಳಲಿ. ಕೂಡಲೇ ನೀರು ಬೇಡ. ಹತ್ತು ಹದಿನೈದು ನಿಮಿಷ ಬಿಟ್ಟು ಹಲ್ಲುಜ್ಜಿಸಿ ಮಲಗಿಸಿ. ಹಲ್ಲುಜ್ಜದೆ ದಿನಾ ರಾತ್ರಿ ಜೇನು ನೆಕ್ಕಿ ಮಲಗಿದರೆ ಮುಂದೆ ದಂತವೈದ್ಯರ ಬಳಿ ಹೋಗಬೇಕಾಗುತ್ತದೆ. ಮೂರು ರಾತ್ರಿ ಕೊಟ್ಟು ನೋಡಿ, ಆಮೇಲೆ ನಿಲ್ಲಿಸಿ.

ಯಾವ ಜೇನು ಅಂತ ಎಲ್ಲರೂ ಕೇಳುತ್ತಾರೆ. ಮಹಾಬಳೇಶ್ವರದ್ದೋ, ಕೊಡಗಿನದ್ದೋ, ಊರಿನಿಂದ ಬಾಟಲಿಯಲ್ಲಿ ತುಂಬಿ ತಂದದ್ದೋ, ಕೆಮ್ಮಿನ ಮಟ್ಟಿಗೆ ವ್ಯತ್ಯಾಸ ಇದೆ ಅಂತ ತೋರಿಸಿದವರಿಲ್ಲ. ಜೇನು ಹರಳುಗಟ್ಟಿದರೆ ಸಕ್ಕರೆ ಕಲಬೆರಕೆ ಅಂತ ಎಸೆಯುವವರಿದ್ದಾರೆ, ಪಾಪ. ಒಳ್ಳೆಯ ಜೇನೂ ಹರಳುಗಟ್ಟುತ್ತದೆ. ನೀರಿನಲ್ಲಿ ಹನಿ ಬಿಟ್ಟು ನೋಡುವುದು, ಬೆಂಕಿಕಡ್ಡಿಗೆ ಸವರಿ ಹಚ್ಚುವುದು, ಇವುಗಳಿಂದ ಇವತ್ತಿನ ಕಲಬೆರಕೆ ಸಿಕ್ಕುವುದಿಲ್ಲ. 2020ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ತೋರಿಸಿದ ಪ್ರಕಾರ ನಮ್ಮ ಲ್ಯಾಬುಗಳ ಮಾಮೂಲಿ ಪರೀಕ್ಷೆಯನ್ನೇ ದಾಟಿಹೋಗುವಂಥ ಸಕ್ಕರೆ ಪಾಕಗಳು ಬಂದಿದ್ದವು. ಸೀಲ್ ಇರುವ, ತಯಾರಿ ದಿನಾಂಕ ಇರುವ ಬಾಟಲಿ ತೆಗೆದುಕೊಳ್ಳಿ, ಸಾಕು.

ಶುಂಠಿಯ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ, ಬರೆಯಲು ಜಾಸ್ತಿ ಇಲ್ಲ. ಪ್ರಯೋಗಾಲಯದಲ್ಲಿ ಶುಂಠಿಯ ಖಾರದ ಅಂಶಗಳು ಶ್ವಾಸನಾಳದ ಸ್ನಾಯುವನ್ನು ಸಡಿಲಿಸುತ್ತವೆ ಅಂತ ತೋರಿಸಿದ್ದಾರೆ. ಹಾಗಂತ ಒಂದು ಲೋಟ ಶುಂಠಿ ಕಷಾಯ ಕುಡಿದವರ ಕೆಮ್ಮು ಕಡಿಮೆಯಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಪ್ರಯೋಗಾಲಯದಲ್ಲಿ ಸ್ನಾಯುವಿನ ಮೇಲೆ ಸುರಿದ ಪ್ರಮಾಣ ಬೇರೆ, ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರುವ ಪ್ರಮಾಣ ಬೇರೆ. ವಾಕರಿಕೆಗೆ ಶುಂಠಿ ಉಪಯೋಗ ಅನ್ನಲು ಮನುಷ್ಯರ ಮೇಲೆ ಮಾಡಿದ ಪರೀಕ್ಷೆಗಳಿವೆ. ಕೆಮ್ಮಿಗೆ ಅಂಥ ಗಟ್ಟಿ ಪುರಾವೆ ಇಲ್ಲ.

ಮತ್ತೆ ಕಷಾಯ ಕುಡಿದಾಗ ಹಾಯೆನಿಸುವುದು ಯಾಕೆ? ಬಿಸಿಯಿಂದ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 2008ರಲ್ಲಿ ನೆಗಡಿ ಆದವರಿಗೆ ಒಂದೇ ಹಣ್ಣಿನ ಪಾನೀಯವನ್ನು ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ಬಿಸಿ ಮಾಡದೆ ಹಾಗೆಯೇ ಕೊಟ್ಟು ನೋಡಿದರು. ಬಿಸಿ ಕುಡಿದವರಿಗೆ ಗಂಟಲು ನೋವು, ಚಳಿ, ಸುಸ್ತು ಎಲ್ಲವೂ ಕೂಡಲೇ ಹಗುರವೆನಿಸಿತು. ಮೂಗಿನಲ್ಲಿ ಗಾಳಿ ಹರಿಯುವುದನ್ನು ಯಂತ್ರ ಇಟ್ಟು ಅಳೆದಾಗ ಮಾತ್ರ ಏನೂ ಬದಲಾಗಿರಲಿಲ್ಲ. ಹಾಗಾಗಿ ಬೆಚ್ಚಗಿನ ಕಷಾಯ ಕುಡಿಯಲಿ, ಬೇಳೆಯ ತಿಳಿಸಾರು ಕುಡಿದರೂ ಅಷ್ಟೇ ಹಿತ.

ನಿಮ್ಮ ಮಗನ ವಿಷಯದಲ್ಲಿ ನನಗೆ ಅಳುಕು ಇರುವುದು ಹಸಿ ಶುಂಠಿಯ ರಸದ ಬಗ್ಗೆ. ತುರಿದು ಹಿಂಡಿದ ರಸ ಬಹಳ ಖಾರ. ಕೆರಳಿದ ಗಂಟಲಿಗೆ ಅದು ಉರಿ, ಕೆಲವು ಮಕ್ಕಳಿಗೆ ಕೆಮ್ಮಿನ ಜೊತೆ ವಾಂತಿಯೂ ಆಗುತ್ತದೆ. ಸಂಜೆ ಹೊತ್ತು ಹೆಚ್ಚು ಶುಂಠಿ ಹೊಟ್ಟೆಗೆ ಬಿದ್ದರೆ ದೊಡ್ಡವರಿಗೂ ಹುಳಿತೇಗು ಬರುತ್ತದೆ, ಮಲಗಿದಾಗ ಆ ಹುಳಿ ಗಂಟಲಿಗೆ ಏರಿ ಅದೇ ಕೆಮ್ಮು ತರುತ್ತದೆ. ಅತ್ತೆಯವರಿಗೆ ಶುಂಠಿ ಬೇಕೇ ಬೇಕು ಅನಿಸಿದರೆ ಒಂದು ಕಪ್ ನೀರಿಗೆ ತೆಳ್ಳಗಿನ ಎರಡು ಬಿಲ್ಲೆ ಹಾಕಿ ಐದು ನಿಮಿಷ ಕುದಿಸಲಿ, ಸೋಸಿ, ಉಗುರುಬೆಚ್ಚಗಾದ ಮೇಲೆ ಹಗಲು ಹೊತ್ತು ನಾಲ್ಕೈದು ಗುಟುಕು ಕುಡಿಸಲಿ. ರಾತ್ರಿ ಜೇನು ಮಾತ್ರ.

ಈಗ ಹಬೆ. ನಮ್ಮ ಮನೆಗಳಲ್ಲಿ ಜೇನಿಗಿಂತ ಹಬೆಯ ಮೇಲೆಯೇ ಹೆಚ್ಚು ನಂಬಿಕೆ. ಪುರಾವೆ ನೋಡಿದರೆ ಕ್ರಮ ತಲೆಕೆಳಗು. ಮೂರರಲ್ಲಿ ಉಪಯೋಗ ಅತಿ ಕಡಿಮೆ ತೋರಿದ್ದು ಹಬೆ, ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವುದೂ ಹಬೆಯೇ.

ಹಬೆ ಎದೆಯ ಕಫ ಕರಗಿಸುತ್ತದೆ ಅನ್ನುತ್ತಾರೆ. ನಾವು ಎಳೆದುಕೊಳ್ಳುವ ಗಾಳಿಯನ್ನು ಮೂಗು, ಗಂಟಲು ಆಗಲೇ ಮೈಯ ಬಿಸಿಗೆ ತಂದು, ತೇವ ತುಂಬಿಸಿಯೇ ಒಳಗೆ ಕಳಿಸುತ್ತವೆ. ಪಾತ್ರೆಯ ಹಬೆ ಮೂಗು, ಬಾಯಲ್ಲೇ ತಣಿದು ನೀರಾಗುತ್ತದೆ. ಮೂಗಿನ ಗಟ್ಟಿ ಸಿಂಬಳ ಹತ್ತಿಪ್ಪತ್ತು ನಿಮಿಷ ಸಡಿಲವಾಗಬಹುದು, ಆ ಹಾಯಿ ನಿಜ. ಶ್ವಾಸಕೋಶದ ತನಕ ಅದು ಹೋಗುವುದಿಲ್ಲ. ಬಿಸಿಗೆ ವೈರಸ್ ಸಾಯುತ್ತದೆ ಅನ್ನುವ ಮಾತು ಕೋವಿಡ್ ಕಾಲದಲ್ಲಿ ವಾಟ್ಸಾಪಿನ ತುಂಬ ಓಡಾಡಿತು. ವೈರಸ್ ಇರುವುದು ಜೀವಕೋಶದ ಒಳಗೆ. ಅದನ್ನು ಕೊಲ್ಲುವಷ್ಟು ಬಿಸಿಗೆ ಮೂಗು ಮೊದಲು ಬೆಂದುಹೋಗುತ್ತದೆ.

1980ರ ದಶಕದ ಕೆಲವು ಪರೀಕ್ಷೆಗಳಲ್ಲಿ ಯಂತ್ರದಿಂದ 43 ಡಿಗ್ರಿಯ ತೇವದ ಗಾಳಿ ಕೊಟ್ಟಾಗ ಉಪಯೋಗ ಕಂಡಿತ್ತು. ಆಮೇಲೆ ಅಮೆರಿಕದಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದಾಗ ಕಾಣಲಿಲ್ಲ. 2017ರ ಕಾಕ್ರೇನ್ ಪರಿಶೀಲನೆ ಎಲ್ಲವನ್ನೂ ಸೇರಿಸಿ, ಹಬೆಯಿಂದ ನೆಗಡಿಗೆ ಲಾಭವೂ ಹಾನಿಯೂ ಖಚಿತವಾಗಿ ತೋರಲಿಲ್ಲ ಅಂದಿತು. ಆದರೆ ಅಲ್ಲಿ ಇದ್ದದ್ದು ಬಿಸಿಯ ಮಿತಿ ಇರುವ ಯಂತ್ರ. ನೆಲದ ಮೇಲಿನ ಪಾತ್ರೆ ಅಲ್ಲ. ಬ್ರಿಟನ್ನಿನ ಸಾಮಾನ್ಯ ಕ್ಲಿನಿಕ್ಕುಗಳಲ್ಲಿ 2013ರಲ್ಲಿ ಮನೆಯಲ್ಲಿ ಹಬೆ ತೆಗೆದುಕೊಳ್ಳಲು ಹೇಳಿ ನೋಡಿದಾಗ ಲಾಭ ಕಾಣಲಿಲ್ಲ, ಕೆಲವರಿಗೆ ಸಣ್ಣಪುಟ್ಟ ಸುಟ್ಟ ಗಾಯ ಆಯಿತು.

ನಮ್ಮೂರಿನದೇ ಇನ್ನೊಂದು ವಿಷಯ ಇದೆ. ಹಬೆಯ ಸಲಹೆ ಚಳಿದೇಶಗಳಲ್ಲಿ ಹೀಟರ್ ಹಾಕಿ ಒಣಗಿದ ಮನೆಗಳಿಗೆ ಸ್ವಲ್ಪವಾದರೂ ಒಪ್ಪೀತು. ಮುಂಬಯಿ, ಠಾಣೆ, ಡೊಂಬಿವಲಿಯ ಗಾಳಿಯಲ್ಲಿ ತೇವಕ್ಕೇನು ಬರ? ಮಳೆಗಾಲದಲ್ಲಿ ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ, ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಕಿಟಕಿ ಮುಚ್ಚಿ ಹಬೆ ಎಬ್ಬಿಸಿದರೆ ಆ ಬೂಷ್ಟಿಗೇ ಒಳ್ಳೆಯದು. ನಿಮ್ಮ ಮಗನ ಕೆಮ್ಮಿಗೆ ಸೊಳ್ಳೆ ಬತ್ತಿ, ಊದುಬತ್ತಿ ನಿಲ್ಲಿಸಿದರೆ ಹಬೆಗಿಂತ ಹೆಚ್ಚು ಉಪಯೋಗ ಆಗುತ್ತದೆ.

ಈಗ ಅಪಾಯ ಹೇಗೆ ಆಗುತ್ತದೆ ಅಂತ ಹೇಳುತ್ತೇನೆ. ಬೇರೆ ಬೇರೆ ಮನೆಗಳಲ್ಲಿ ಆದದ್ದನ್ನು ಕೇಳಿದ್ದೇನೆ, ಎಲ್ಲ ಕಡೆ ಒಂದೇ ತರಹ. ಪಾತ್ರೆ ನೆಲದ ಮೇಲೆ, ಮಗು ಚಕ್ಕಳಮಕ್ಕಳ ಹಾಕಿ ಅದರ ಮುಂದೆ. ಮೇಲೆ ಕಂಬಳಿ. ಒಳಗೆ ಕತ್ತಲೆ, ಉರಿ, ಉಸಿರುಗಟ್ಟುತ್ತದೆ. ಮಗು ಕಂಬಳಿ ಕಿತ್ತು ಏಳಲು ನೋಡುತ್ತದೆ, ಮೊಣಕಾಲು ಪಾತ್ರೆಗೆ ತಾಗುತ್ತದೆ. ಇಲ್ಲವೇ ಕಂಬಳಿಯ ಅಂಚು ಪಾತ್ರೆಯ ಕಿವಿಗೆ ಸಿಕ್ಕಿಕೊಳ್ಳುತ್ತದೆ. ಒಲೆಯಿಂದ ಇಳಿಸಿ ಐದು ನಿಮಿಷ ಆಗಿರುವ ನೀರೂ ಇನ್ನೂ 80 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಮಗುವಿನ ತೆಳು ಚರ್ಮ ಆಳವಾಗಿ ಸುಡಲು 60 ಡಿಗ್ರಿಯ ನೀರಿಗೂ ಕೆಲವೇ ಸೆಕೆಂಡು ಸಾಕು. ನೀರು ಬೀಳುವುದು ಹೊಟ್ಟೆ, ತೊಡೆ, ತೊಡೆಸಂದಿಗೆ. ಚಡ್ಡಿಯ ಬಟ್ಟೆ ಬಿಸಿನೀರನ್ನು ಹೀರಿ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಸುಟ್ಟ ಮಕ್ಕಳಲ್ಲಿ ಕೆಲವರಿಗೆ ಅರಿವಳಿಕೆ ಕೊಟ್ಟೇ ಡ್ರೆಸಿಂಗ್ ಮಾಡಬೇಕಾಗುತ್ತದೆ, ಕೆಲವರಿಗೆ ಚರ್ಮದ ಕಸಿ ಬೇಕಾಗುತ್ತದೆ. 2020ರಲ್ಲಿ ಬರ್ಮಿಂಗ್‌ಹ್ಯಾಂನ ಮಕ್ಕಳ ಆಸ್ಪತ್ರೆಯ ವೈದ್ಯರು, ಕೋವಿಡ್ ಶುರುವಾದ ಮೇಲೆ ಹಬೆಯಿಂದ ಸುಟ್ಟುಕೊಂಡು ಬರುವ ಮಕ್ಕಳು ಒಮ್ಮೆಲೇ ಹೆಚ್ಚಿದ್ದನ್ನು ಕಂಡು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಎಚ್ಚರಿಸಿ ಬರೆದರು. ನೆಗಡಿ ವಾರದಲ್ಲಿ ಹೋಗುತ್ತದೆ, ಕಲೆ ಹೋಗುವುದಿಲ್ಲ.

ಆದ್ದರಿಂದ ಮಗನಿಗೆ ಹಬೆ ನಿಲ್ಲಿಸಿಬಿಡಿ. ಮೂಗು ಕಟ್ಟಿದ್ದರೆ ಅವನಿಗೂ ಅದೇ ಸಲೈನ್ ಹನಿ. ನೀರಿನಲ್ಲಿ ಹಾಕುವ ಕರ್ಪೂರ, ಮೆಂಥಾಲ್ ಕ್ಯಾಪ್ಸೂಲುಗಳೂ ಬೇಡ. ಮೆಂಥಾಲ್ ಮೂಗಿನ ತಂಪಿನ ನರವನ್ನು ತಟ್ಟುತ್ತದೆ, ಮೂಗು ಬಿಟ್ಟಂತೆ ಅನಿಸುತ್ತದೆ, ಆದರೆ ದಾರಿ ಅಷ್ಟೇ ಇಕ್ಕಟ್ಟಾಗಿರುತ್ತದೆ. ಎಳೆಗೂಸಿನ ಮೂಗಿನ ಹತ್ತಿರ ಅದು ಹೋದರೆ ಉಸಿರು ಹಿಡಿದುಬಿಡಬಹುದು, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ನೋವಿನ ಬಾಮುಗಳನ್ನು ಮಗಳಿಂದ ದೂರವೇ ಇಡಿ. ದೊಡ್ಡವರಿಗೆ ಹಬೆಯಿಂದ ಹಾಯೆನಿಸಿದರೆ ನಾನು ಬೇಡ ಅನ್ನುವುದಿಲ್ಲ. ಮೇಜಿನ ಮೇಲೆ, ಗೋಡೆಗೆ ಒತ್ತಿ, ಅಗಲ ತಳದ ಪಾತ್ರೆಯಲ್ಲಿ ಅರ್ಧ ಮಾತ್ರ ನೀರು, ಕಂಬಳಿ ಇಲ್ಲದೆ, ಮಕ್ಕಳು ಮಲಗಿದ ಮೇಲೆ.

ಅಕಸ್ಮಾತ್ ಎಲ್ಲಾದರೂ ಬಿಸಿನೀರು ಬಿದ್ದರೆ, ಮೊದಲು ಬಟ್ಟೆ ತೆಗೆಯಿರಿ, ಮೈಗೆ ಅಂಟಿದ್ದರೆ ಮಾತ್ರ ಕೀಳಬೇಡಿ. ನಲ್ಲಿ ನೀರನ್ನು 20 ನಿಮಿಷ ಗಾಯದ ಮೇಲೆ ಹರಿಸಿ. ನಲ್ಲಿಯಲ್ಲಿ ನೀರಿಲ್ಲದ ಹೊತ್ತಾದರೆ ಡ್ರಮ್ಮಿನಿಂದ ಮಗ್ಗಿನಲ್ಲಿ ಸುರಿಯುತ್ತಿರಿ. ಐಸ್, ಟೂತ್‌ಪೇಸ್ಟ್, ಅರಿಶಿನ, ತುಪ್ಪ ಯಾವುದೂ ಬೇಡ. ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ.

ಸಿರಪ್ ಬಗ್ಗೆ ನಿಮ್ಮ ಭಯಕ್ಕೆ ಕಾರಣ ಇದೆ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳು ಸತ್ತ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಒಂದು ಸಲಹೆ ಹೊರಡಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಕೊಡಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಶಿಫಾರಸು ಇಲ್ಲ ಅಂತ. ಅಲ್ಲಿ ಸಿರಪ್ಪಿನಲ್ಲಿ ಸಿಕ್ಕಿದ್ದು ಡೈಎಥಿಲೀನ್ ಗ್ಲೈಕಾಲ್, ಕಿಡ್ನಿಯನ್ನು ಹಾಳುಮಾಡುವ ವಿಷ. ಆದರೆ ಸಿರಪ್ ಶುದ್ಧವೇ ಇದ್ದರೂ ಈ ವಯಸ್ಸಿಗೆ ಅದರಿಂದ ಲಾಭ ಇಲ್ಲ. ಮನೆಯವರಿಗೆ ಪೆನ್ಸಿಲ್ವೇನಿಯಾದ ಆ ಮೂರು ಗುಂಪುಗಳ ಕತೆ ಹೇಳಿ.

ಮನೆಮದ್ದು ಬದಿಗಿಟ್ಟು ನನ್ನಂಥವರ ಬಳಿ ಯಾವಾಗ ಬರಬೇಕು? ಕೆಮ್ಮಿನ ಸದ್ದನ್ನು ಕೇಳಿ ನಿರ್ಧರಿಸಬೇಡಿ, ಉಸಿರನ್ನು ಎಣಿಸಿ. ಮಗು ಮಲಗಿದ್ದಾಗ ಅಂಗಿ ಮೇಲೆತ್ತಿ, ಫೋನಿನಲ್ಲಿ ಪೂರ್ತಿ ಒಂದು ನಿಮಿಷ ಟೈಮರ್ ಇಟ್ಟು, ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಮಗಳಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ಮಗನಿಗೆ 40 ಅಥವಾ ಹೆಚ್ಚು ಇದ್ದರೆ ಅದೇ ದಿನ ತೋರಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ಮಗಳು ಹಾಲು ಬಿಟ್ಟರೆ, ರಾತ್ರಿ ಎಷ್ಟು ಹೊತ್ತಾದರೂ ಹೊರಡಿ. ಇಳಿದ ಜ್ವರ ಮತ್ತೆ ಬಂದರೂ ತೋರಿಸಿ. ಆಟ ಆಡುವಾಗ ಇದ್ದಕ್ಕಿದ್ದಂತೆ ಕೆಮ್ಮು ಶುರುವಾಗಿದ್ದರೆ ಮಣಿಯೋ ಶೇಂಗಾ ಬೀಜವೋ ಒಳಗೆ ಹೋಗಿರಬಹುದು, ಅದೂ ತುರ್ತು. ನೀವು ಬರೆದಿರುವ ಹಾಗೆ ಅವನು ಹಗಲು ಆಡಿಕೊಂಡಿದ್ದರೆ, ಉಸಿರು ಸರಾಗವಾಗಿದ್ದರೆ, ಇನ್ನೂ ಒಂದೆರಡು ವಾರ ಅಲ್ಲಲ್ಲಿ ಕೆಮ್ಮುವುದು ನಿರೀಕ್ಷಿತವೇ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಯೋಚನೆ ಹಚ್ಚಿದ್ದು ಮಗನ ಕೆಮ್ಮಲ್ಲ, ಅತ್ತೆಯವರದು. ಒಂದು ತಿಂಗಳ ಕೆಮ್ಮು ನೆಗಡಿಯ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಯಾವ ಕೆಮ್ಮಿಗೂ ಮೊದಲು ಕ್ಷಯ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಶುಗರ್ ಇದ್ದವರಿಗೆ ಕ್ಷಯದ ಸಾಧ್ಯತೆ ಹೆಚ್ಚು. ಮನೆಯಲ್ಲಿ ಐದರೊಳಗಿನ ಎರಡು ಮಕ್ಕಳು, ಎಲ್ಲರೂ ಮಲಗುವುದು ಹತ್ತಿರ ಹತ್ತಿರ. ಹತ್ತಿರದ ಮಹಾನಗರಪಾಲಿಕೆ ಆರೋಗ್ಯ ಕೇಂದ್ರದಲ್ಲಿ ಕಫದ ಪರೀಕ್ಷೆ ಉಚಿತ. ಒಣಕೆಮ್ಮಾದ್ದರಿಂದ ಕಫ ಸುಲಭವಾಗಿ ಬರಲಿಕ್ಕಿಲ್ಲ, ಎದೆಯ ಎಕ್ಸ್‌ರೇ ಕೂಡ ತೆಗೆಸಿ. ವರದಿ ಬರುವ ತನಕ ಅವರು ಕೆಮ್ಮುವಾಗ ಸೆರಗು ಅಡ್ಡ ಹಿಡಿಯಲಿ, ಮಕ್ಕಳು ಅವರ ಪಕ್ಕ ಮಲಗುವುದು ಬೇಡ, ಕಿಟಕಿ ತೆರೆದಿರಲಿ.

ಅದರ ಜೊತೆಗೇ ಅವರ ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹೆಸರು ಓದಿ. ರಾಮಿಪ್ರಿಲ್, ಎನಲಾಪ್ರಿಲ್, ಲಿಸಿನೋಪ್ರಿಲ್, ಹೀಗೆ "ಪ್ರಿಲ್" ಅಂತ ಮುಗಿಯುವ ಹೆಸರಿದ್ದರೆ ಕೆಮ್ಮಿಗೆ ಅದೇ ಕಾರಣ ಇರಬಹುದು. ಈ ಗುಂಪಿನ ಮಾತ್ರೆಗಳು ಕೆಲವರಿಗೆ ಗಂಟಲಿನಲ್ಲಿ ಕಚಗುಳಿ ಇಟ್ಟಂಥ ಒಣಕೆಮ್ಮು ತರುತ್ತವೆ. ಅದು ಜೇನು, ಶುಂಠಿ, ಹಬೆ ಯಾವುದಕ್ಕೂ ಜಗ್ಗುವುದಿಲ್ಲ. ಮಾತ್ರೆ ಶುರು ಮಾಡಿದ ಕೆಲವು ದಿನಕ್ಕೂ ಬರಬಹುದು, ತಿಂಗಳುಗಳ ಮೇಲೂ ಬರಬಹುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಬಿಪಿ ಏರುತ್ತದೆ. ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಟೆಲ್ಮಿಸಾರ್ಟಾನ್‌ನಂಥ ಬೇರೆ ಗುಂಪಿನದಕ್ಕೆ ಬದಲಿಸುತ್ತಾರೆ. ಬದಲಿಸಿದ ಮರುದಿನವೇ ಕೆಮ್ಮು ನಿಲ್ಲುವುದಿಲ್ಲ, ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ ಬೇಕು.

ಅವರು ತಮ್ಮ ಕೆಮ್ಮಿಗೆ ದಿನಕ್ಕೆ ಮೂರು ಹೊತ್ತು ಜೇನು ತಿನ್ನುತ್ತಿದ್ದರೆ ಅದನ್ನು ನಿಲ್ಲಿಸಲಿ. "ಜೇನು ಸಕ್ಕರೆ ಅಲ್ಲ" ಅನ್ನುವುದು ತಪ್ಪು. ಒಂದು ಟೀ ಚಮಚದಲ್ಲಿ ಸುಮಾರು 6 ಗ್ರಾಂ ಸಕ್ಕರೆಯೇ ಇದೆ. ಹೃದಯದ ತೊಂದರೆಗೆ ರಕ್ತ ತೆಳುಮಾಡುವ ವಾರ್ಫರಿನ್‌ನಂಥ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ, ದಿನಾ ಗಟ್ಟಿ ಶುಂಠಿ ಕಷಾಯ ಕುಡಿಯುವ ವಿಷಯವನ್ನೂ ಅವರ ವೈದ್ಯರ ಕಿವಿಗೆ ಹಾಕಿ. ಪತ್ರದಲ್ಲಿ ನೀವು ಮಾತ್ರೆಗಳ ಹೆಸರು ಬರೆದಿಲ್ಲ. ಕಫದ ಪರೀಕ್ಷೆಗೆ ಹೋಗುವಾಗ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.